ಸೀರೆ ಖಾಲಿಯಾದರೆ ಪುಟದ ಶೀರ್ಷಿಕೆಗೆ ಏನು ಮಾಡಬೇಕು?

ಇಳಕಲ್ ಸೀರೆಯನ್ನು ಆನ್‌ಲೈನ್‌ನಲ್ಲಿ ಮಾರುವವರಿಗೆ ಹಬ್ಬದ ಮುಂದೆ ಒಂದು ತಾಪತ್ರಯ ತಪ್ಪಿದ್ದಲ್ಲ. ಹೆಚ್ಚು ಜನ ಹುಡುಕುವ ಬಣ್ಣವೇ ಮೊದಲು ಖಾಲಿಯಾಗುತ್ತದೆ. ಮುಂದಿನ ಸರಕು ಕೈಮಗ್ಗದಿಂದ ಬರಬೇಕು. ಹಾಸು ಹೂಡಬೇಕು, ಸೆರಗಿಗೆ ಟೋಪ್ ತೆನಿ ಹಾಕಬೇಕು, ಆಮೇಲೆ ನೇಯಬೇಕು. ಗೋದಾಮಿಗೆ ಫೋನ್ ಮಾಡಿ ಸಂಜೆಗೆ ತರಿಸುವ ಮಾಲಲ್ಲ ಇದು. ಹಾಗಾಗಿ ಎರಡು ಮೂರು ವಾರ ಆ ಸೀರೆಯ ಪುಟ ಸುಮ್ನೆ ಬಿದ್ದಿರುತ್ತದೆ. ಗೂಗಲ್‌ನಲ್ಲಿ ಮಾತ್ರ ಅದರ ಹೆಸರು ಕಾಣುತ್ತಲೇ ಇರುತ್ತದೆ, ಜನ ಒತ್ತುತ್ತಲೇ ಇರುತ್ತಾರೆ.

ಬಾಗಲಕೋಟೆ ಜಿಲ್ಲೆಯ ಅಂಗಡಿಗಳ ವೆಬ್‌ಸೈಟ್ ಕೆಲಸ ಮಾಡುವವರಿಗೆ ಆಗ ಎರಡು ಬಗೆಯ ಫೋನ್ ಬರುತ್ತವೆ. ಒಬ್ಬರು, "ಸೀರಿ ಖಾಲಿ ಆಗ್ಯಾವ್ರಿ, ಆ ಪೇಜ್ ತಗದಬಿಡ್ರಿ, ಮಂದಿ ಬೈಯ್ಲಿಕತ್ತಾರ" ಅನ್ನುತ್ತಾರೆ. ಇನ್ನೊಬ್ಬರು, "ಏನೂ ಮುಟ್ಟಬ್ಯಾಡ್ರಿ, ಮೊದಲನೇ ಪೇಜಿನ್ಯಾಗ ಬರ್ಲಿಕತ್ತೈತಿ, ಇರಲಿ ಬಿಡ್ರಿ" ಅನ್ನುತ್ತಾರೆ. ಇಬ್ಬರ ಮಾತಿನಲ್ಲೂ ಅರ್ಧ ಸತ್ಯ ಇದೆ. ಆದರೆ ಎರಡೂ ಕಡೆ ಕೆಲಸ ಕೆಡುವುದು ಬಹುತೇಕ ಒಂದೇ ಜಾಗದಲ್ಲಿ. ಅದು ಪುಟದ ಶೀರ್ಷಿಕೆ, ಅಂದರೆ `<title>` ಒಳಗೆ ಬರೆಯುವ ಒಂದು ಸಾಲು.

ಒಂದು ಪುಟವನ್ನು ಹತ್ತಿರದಿಂದ ನೋಡೋಣ. ಅಂಗಡಿ ಕಲ್ಪಿತ, ತಪ್ಪುಗಳು ಮಾತ್ರ ದಿನಾ ಕಾಣುವಂಥವು. ಶೀರ್ಷಿಕೆ ಹೀಗಿದೆ:

```
<title>ಗಿಳಿ ಹಸಿರು ಗೋಮಿ ದಡಿ ಇಳಕಲ್ ಸೀರೆ – ಸ್ಟಾಕ್ ಇದೆ, ಇಂದೇ ಖರೀದಿಸಿ ₹2,850</title>
```

ಈ ಸಾಲಿನಲ್ಲಿ ಎರಡು ಜಾತಿಯ ಮಾತುಗಳಿವೆ. ಗಿಳಿ ಹಸಿರು, ಗೋಮಿ ದಡಿ, ಇಳಕಲ್ ಸೀರೆ: ಇವು ಮುಂದಿನ ವರ್ಷವೂ ನಿಜವೇ. ಸ್ಟಾಕ್ ಇದೆ, ಇಂದೇ, ₹2,850: ಇವು ನಾಳೆ ಸುಳ್ಳಾಗಬಹುದು. ಸೀರೆ ಖಾಲಿಯಾದ ದಿನ ಮೊದಲೆರಡೂ ಒಟ್ಟಿಗೆ ಸುಳ್ಳಾಗುತ್ತವೆ. ಸೊಲ್ಲಾಪುರದಲ್ಲೋ ಬೆಂಗಳೂರಿನಲ್ಲೋ ಕೂತು "ಸ್ಟಾಕ್ ಇದೆ" ಅಂತ ಓದಿ ಒಳಗೆ ಬಂದವರಿಗೆ ಒತ್ತಲಾಗದ ಬೂದು ಬಣ್ಣದ ಖರೀದಿ ಗುಂಡಿ ಕಾಣುತ್ತದೆ. ಎರಡು ಸೆಕೆಂಡಿನಲ್ಲಿ ಹಿಂದಕ್ಕೆ ಹೋಗಿ ಕೆಳಗಿನ ಅಂಗಡಿಯ ಪುಟ ತೆರೆಯುತ್ತಾರೆ.

ಹೀಗೆ ಹಿಂದಕ್ಕೆ ಹೋಗುವುದರಿಂದ ಗೂಗಲ್ ಫಲಿತಾಂಶದಲ್ಲಿ ಪುಟದ ಸ್ಥಾನಕ್ಕೆ ಪೆಟ್ಟು ಬೀಳುತ್ತದಾ? ಇದು ಹಳೆಯ ಜಗಳ. ಕ್ಲಿಕ್ಕುಗಳನ್ನು ನೇರ ಅಳತೆಗೋಲಾಗಿ ಬಳಸುವುದಿಲ್ಲ ಎಂಬ ಧಾಟಿಯಲ್ಲೇ ಗೂಗಲ್ ಬಹಳ ಕಾಲ ಮಾತಾಡಿತ್ತು. 2023ರಲ್ಲಿ ಅಮೆರಿಕದ ಏಕಸ್ವಾಮ್ಯ ಮೊಕದ್ದಮೆಯಲ್ಲಿ ಸಾಕ್ಷಿ ಹೇಳಿದ ಗೂಗಲ್‌ನ ಸರ್ಚ್ ವಿಭಾಗದ ಉಪಾಧ್ಯಕ್ಷ ಪಾಂಡು ನಾಯಕ್, ನ್ಯಾವ್‌ಬೂಸ್ಟ್ ಎಂಬ ವ್ಯವಸ್ಥೆ ಇದೆ ಎಂದರು. ಹಿಂದಿನ 13 ತಿಂಗಳ ಕ್ಲಿಕ್ಕುಗಳನ್ನು ಅದು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ ಎಂದೂ ಹೇಳಿದರು. ಒಂದು ಪುಟದಿಂದ ನಾಲ್ಕು ಜನ ಓಡಿಹೋದರೆ ಇಷ್ಟು ಸ್ಥಾನ ಕೆಳಗಿಳಿಯುತ್ತದೆ ಅಂತ ಇದರಿಂದ ಲೆಕ್ಕ ಹಾಕಲು ಬರುವುದಿಲ್ಲ. ಆದರೆ ಸಿಟ್ಟಿಗೆದ್ದು ಹೋದವರನ್ನು ಗೂಗಲ್ ನೋಡುವುದೇ ಇಲ್ಲ ಎನ್ನುವ ಮಾತು ಮಾತ್ರ ಇನ್ನು ನಡೆಯುವುದಿಲ್ಲ.

"ಸ್ಟಾಕ್ ಖಾಲಿ" ಅಂತ ಬರೆದರೆ?

ಪ್ರಾಮಾಣಿಕ ಅಂಗಡಿಯವರಿಗೆ ಮೊದಲು ಹೊಳೆಯುವ ಉಪಾಯ ಇದು. ಶೀರ್ಷಿಕೆಯ ಮುಂದೆ "ಸ್ಟಾಕ್ ಖಾಲಿ" ಅಂತ ಸೇರಿಸಿಬಿಟ್ಟರೆ ಯಾರಿಗೂ ಮೋಸ ಆಗಲ್ಲ, ಅಲ್ವಾ? ಎಷ್ಟೋ ಅಂಗಡಿ ತಂತ್ರಾಂಶಗಳಲ್ಲಿ ಇದು ತಾನಾಗೇ ಆಗುವಂತೆ ಮಾಡಿಟ್ಟಿರುತ್ತಾರೆ.

ತೊಂದರೆ ಇರುವುದು ಸಮಯದಲ್ಲಿ. ನಾವು ಶೀರ್ಷಿಕೆ ಬದಲಿಸಿದ ಕ್ಷಣ ಗೂಗಲ್‌ಗೆ ತಿಳಿಯುವುದಿಲ್ಲ. ಪುಟಗಳನ್ನು ಓದುತ್ತ ತಿರುಗುವ ಅದರ ಬಾಟ್ ಆ ಪುಟಕ್ಕೆ ಮತ್ತೆ ಬರಬೇಕು, ಓದಬೇಕು, ಫಲಿತಾಂಶದಲ್ಲಿ ಹೊಸ ಸಾಲು ಹಾಕಬೇಕು. ದೊಡ್ಡ ಮಾರಾಟ ತಾಣಗಳಿಗೆ ಬಾಟ್ ದಿನಕ್ಕೆ ಎಷ್ಟೋ ಸಲ ಬರುತ್ತದೆ. ನೂರಿನ್ನೂರು ಪುಟಗಳ ಸೀರೆ ಅಂಗಡಿಯ ಒಳಪುಟಕ್ಕೆ ಕೆಲವು ದಿನ ಹಿಡಿಯಬಹುದು, ಕೆಲವು ವಾರವೂ ಹಿಡಿಯಬಹುದು.

ಈಗ ದಿನಾಂಕ ಹಾಕಿ ನೋಡಿ. ತಿಂಗಳ 3ಕ್ಕೆ ಗಿಳಿ ಹಸಿರು ಖಾಲಿಯಾಯಿತು, ಅವತ್ತೇ ಶೀರ್ಷಿಕೆ "ಸ್ಟಾಕ್ ಖಾಲಿ" ಆಯಿತು. ಬಾಟ್ ಬಂದದ್ದು 10ಕ್ಕೆ. ಅಂದರೆ ಮೊದಲ ಏಳು ದಿನ ಹಳೆಯ ಸುಳ್ಳೇ ಕಾಣುತ್ತಿತ್ತು. 17ಕ್ಕೆ ಮಗ್ಗದಿಂದ ಆರು ಸೀರೆ ಬಂದವು, ಶೀರ್ಷಿಕೆ ಸರಿ ಮಾಡಿದರು. ಬಾಟ್ ಮತ್ತೆ ಬಂದದ್ದು 25ಕ್ಕೆ. ಹಬ್ಬದ ಮುಂದಿನ ಆ ಎಂಟು ದಿನ ಸೀರೆ ಕಪಾಟಿನಲ್ಲಿತ್ತು, ಗೂಗಲ್‌ನಲ್ಲಿ ಮಾತ್ರ "ಸ್ಟಾಕ್ ಖಾಲಿ" ಅಂತ ಕೂತಿತ್ತು. ಅದನ್ನು ಓದಿದ ಮೇಲೂ ಒತ್ತುವವರು ಎಷ್ಟು ಜನ? ಸ್ಟಾಕ್ ಬೇಗ ಬದಲಾಗುತ್ತದೆ, ಶೀರ್ಷಿಕೆ ನಿಧಾನಕ್ಕೆ ಬದಲಾಗುತ್ತದೆ. ಬೇಗ ಬದಲಾಗುವ ಸುದ್ದಿಯನ್ನು ನಿಧಾನದ ಜಾಗದಲ್ಲಿ ಬರೆದರೆ ಎರಡು ಸಲ ಸುಳ್ಳು ಹೇಳಿದಂತಾಗುತ್ತದೆ, ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ.

ಇನ್ನೊಂದು ವಿಷಯ. ಶೀರ್ಷಿಕೆಯನ್ನು ಗೂಗಲ್ ಹಾಗೇ ತೋರಿಸಲೇಬೇಕು ಅಂತ ನಿಯಮವೇನೂ ಇಲ್ಲ. 2021ರ ಆಗಸ್ಟ್‌ನಲ್ಲಿ ತಂದ ಹೊಸ ವ್ಯವಸ್ಥೆಯಲ್ಲಿ ಅದು ಪುಟದ ದೊಡ್ಡ ತಲೆಬರಹವನ್ನು, ಅಂದರೆ `<h1>` ಅನ್ನು, ಮತ್ತು ಬೇರೆ ಪುಟಗಳಿಂದ ಬರುವ ಕೊಂಡಿಗಳ ಪಠ್ಯವನ್ನು ನೋಡಿ ಬೇಕೆಂದಾಗ ತಾನೇ ಸಾಲು ಕಟ್ಟುತ್ತದೆ. ತಾಣದವರು ಬರೆದದ್ದನ್ನು ಸುಮಾರು 87% ಸಲ ಬಳಸುತ್ತೇವೆ ಎಂದು ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಗೂಗಲ್ ಹೇಳಿತ್ತು. ಪುಟದಲ್ಲಿರುವುದಕ್ಕೂ ಶೀರ್ಷಿಕೆಗೂ ಹೊಂದದಿದ್ದರೆ ಉಳಿದ ಪಾಲಿಗೆ ಬೀಳುತ್ತೀರಿ. `<title>`ನಲ್ಲಿ ಒಂದು, `<h1>`ನಲ್ಲಿ ಇನ್ನೊಂದು ಇದ್ದರೆ ಯಾವುದು ಕಾಣುತ್ತದೆ ಅನ್ನುವುದು ನಿಮ್ಮ ಕೈಯಲ್ಲಿ ಉಳಿಯುವುದಿಲ್ಲ.

ಹಾಗಾಗಿ ನಾನು ಹಾಕುವ ಶೀರ್ಷಿಕೆ ಇದು. ಸೀರೆ ಇದ್ದಾಗಲೂ ಇದೇ, ಇಲ್ಲದಾಗಲೂ ಇದೇ:

```
<title>ಗಿಳಿ ಹಸಿರು ಇಳಕಲ್ ಸೀರೆ – ಗೋಮಿ ದಡಿ, ಟೋಪ್ ತೆನಿ ಸೆರಗು</title>
```

ಅಂಗಡಿಯ ಹೆಸರನ್ನು ಕೊನೆಗೆ ಅಂಟಿಸದಿದ್ದರೂ ಸಾಮಾನ್ಯವಾಗಿ ನಡೆಯುತ್ತದೆ, ತಾಣದ ಹೆಸರನ್ನು ಗೂಗಲ್ ಈಗ ಮೇಲೆ ಬೇರೆ ಸಾಲಿನಲ್ಲಿ ತೋರಿಸುತ್ತದೆ. ಉದ್ದಕ್ಕೆ ಅಕ್ಷರಗಳ ಲೆಕ್ಕವನ್ನು ನಂಬಬೇಡಿ. ಗೂಗಲ್ ಕತ್ತರಿಸುವುದು ಪರದೆಯ ಮೇಲಿನ ಅಗಲ ನೋಡಿ. ಒತ್ತಕ್ಷರ ಜಾಸ್ತಿ ಇರುವ ಕನ್ನಡಕ್ಕೆ ಇಂಗ್ಲಿಷಿನ 60 ಅಕ್ಷರದ ಸೂತ್ರ ಹೊಂದುವುದಿಲ್ಲ. ಮುಖ್ಯ ಮಾತು ಮೊದಲು ಬಂದಿದ್ದರೆ ಬಾಲ ಕತ್ತರಿಸಿದರೂ ಚಿಂತೆ ಇಲ್ಲ.

ಹಾಗಾದರೆ ಖಾಲಿ ಅನ್ನುವುದನ್ನು ಎಲ್ಲಿ ಹೇಳೋದು?

ಪುಟದ ಒಳಗೆ, ಬೆಲೆಯ ಪಕ್ಕದಲ್ಲೇ, ಕಣ್ಣಿಗೆ ಹೊಡೆಯುವಂತೆ ಹೇಳಬೇಕು. ಜೊತೆಗೆ ಯಂತ್ರಕ್ಕೆ ತಿಳಿಯುವ ಭಾಷೆಯಲ್ಲೂ ಹೇಳಬೇಕು. ಸರಕಿನ ವಿವರ ಕೊಡುವ ಸ್ಕೀಮಾ ತುಣುಕಿನಲ್ಲಿ ಅದಕ್ಕೇ ಒಂದು ಜಾಗ ಇದೆ:

```
"offers": {
  "@type": "Offer",
  "price": "2850",
  "priceCurrency": "INR",
  "availability": "https://schema.org/OutOfStock"
}
```

ಸರಕು ಬಂದಾಗ `InStock`. ಈಗ ಸೀರೆ ಇಲ್ಲ, ಆದರೆ ದುಡ್ಡು ಕಟ್ಟಿಸಿಕೊಂಡು ಮಗ್ಗಕ್ಕೆ ಹೇಳುತ್ತೀರಿ ಅಂದರೆ `BackOrder`. ಇನ್ನು ನೇಯಿಸುವುದೇ ಇಲ್ಲ ಅಂದರೆ `Discontinued`. ಇದನ್ನು ಓದಿ ಗೂಗಲ್ ಶೀರ್ಷಿಕೆಯ ಕೆಳಗೆ, ಬೆಲೆಯ ಹತ್ತಿರ, ಸರಕು ಇದೆ ಅಥವಾ ಇಲ್ಲ ಅಂತ ಚಿಕ್ಕದಾಗಿ ತೋರಿಸಬಹುದು. ತೋರಿಸಿಯೇ ತೀರುತ್ತದೆ ಅಂತೇನಿಲ್ಲ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಈ ತುಣುಕನ್ನೂ ಅದೇ ಬಾಟ್ ಬಂದಾಗಲೇ ಓದುವುದು, ಅಂದಮೇಲೆ ಇದೂ ಹಳಸುವುದಿಲ್ಲವೇ? ಹಳಸುತ್ತದೆ. ವ್ಯತ್ಯಾಸ ಇರುವುದು ಪೆಟ್ಟಿನ ಗಾತ್ರದಲ್ಲಿ. ಬೆಲೆಯ ಪಕ್ಕದ ಚಿಕ್ಕ ಅಕ್ಷರ ಹಳೆಯದಾದರೆ ಆಗುವ ನಷ್ಟ ಬೇರೆ, ನೀಲಿ ದಪ್ಪ ಸಾಲೇ "ಖಾಲಿ" ಅಂದರೆ ಆಗುವ ನಷ್ಟ ಬೇರೆ. ನಿಜಕ್ಕೂ ಬೇಗ ತಿಳಿಸಬೇಕು ಅಂದರೆ ಸರಕಿನ ಪಟ್ಟಿಯನ್ನು ಗೂಗಲ್‌ಗೆ ನೇರ ಕೊಡುವ ಮರ್ಚೆಂಟ್ ಸೆಂಟರ್ ಫೀಡ್ ಬೇಕು. ಅದನ್ನು ದಿನಕ್ಕೊಮ್ಮೆ ತಾನಾಗೇ ಕಳಿಸುವಂತೆ ಇಡಬಹುದು, ಬಾಟ್‌ಗಾಗಿ ಕಾಯುವ ಅಗತ್ಯ ಇಲ್ಲ. ಆದರೆ ಫೀಡಿನಲ್ಲಿ ಇದೆ, ಪುಟದಲ್ಲಿ ಇಲ್ಲ ಅಂತಾದರೆ ಆ ಸರಕನ್ನು ಗೂಗಲ್ ಶಾಪಿಂಗ್ ಪಟ್ಟಿಯಿಂದ ತೆಗೆದು ಹಾಕಬಹುದು. ಫೀಡು, ಪುಟ, ಸ್ಕೀಮಾ ಮೂರೂ ಒಂದೇ ಮಾತು ಆಡಬೇಕು.

ಸರಕು ಬಂದ ದಿನ ಮಾಡಬೇಕಾದ ಒಂದು ಚಿಕ್ಕ ಕೆಲಸ ಇದೆ. ತಾಣದ ಮಾಲೀಕರಿಗೆ ಗೂಗಲ್ ಕೊಡುವ ಸರ್ಚ್ ಕನ್ಸೋಲ್‌ನಲ್ಲಿ ಆ ಪುಟದ ವಿಳಾಸ ಹಾಕಿ `Request indexing` ಒತ್ತುವುದು. ದಿನಕ್ಕೆ ಇಷ್ಟೇ ಅಂತ ಮಿತಿ ಇದೆ, ಮತ್ತು ಒತ್ತಿದ ಕೂಡಲೇ ಬಾಟ್ ಓಡಿ ಬರುವುದಿಲ್ಲ. ಹಬ್ಬದ ನಾಲ್ಕು ಮುಖ್ಯ ಪುಟಗಳಿಗೆ ಇಟ್ಟುಕೊಳ್ಳಿ.

ಪುಟ ಬರಿದಾದರೆ ಒಳ್ಳೆಯ ಶೀರ್ಷಿಕೆಯೂ ಕೈಕೊಡುತ್ತದೆ

ಶೀರ್ಷಿಕೆ ಸ್ಥಿರವಾಗಿರಬೇಕು ಅಂದರೆ ಅದು ಹೇಳಿದ್ದು ಪುಟದಲ್ಲಿ ಯಾವಾಗಲೂ ಇರಬೇಕು. ಇಲ್ಲೇ ಜಾಸ್ತಿ ಜನ ಎಡವುವುದು. ಸೀರೆ ಖಾಲಿಯಾದ ಕೂಡಲೇ ಕೆಲವು ತಂತ್ರಾಂಶಗಳು ಫೋಟೋ, ವಿವರ, ಬೆಲೆ ಎಲ್ಲ ತೆಗೆದು "ಕ್ಷಮಿಸಿ, ಈ ಸರಕು ಲಭ್ಯವಿಲ್ಲ" ಎಂಬ ಒಂದೇ ಸಾಲು ಇಡುತ್ತವೆ. ಸರ್ವರ್ ಮಾತ್ರ ಎಲ್ಲ ಸರಿ ಇದೆ ಅಂತ 200 ಸಂಕೇತ ಕಳಿಸುತ್ತದೆ. ಗೂಗಲ್ ಇಂಥ ಪುಟವನ್ನು ನೋಡಿ, ಇದು ಇಲ್ಲದ ಪುಟ, ಇದೆ ಅಂತ ನಟಿಸುತ್ತಿದೆ ಎಂದು ತೀರ್ಮಾನಿಸಬಹುದು. ಸರ್ಚ್ ಕನ್ಸೋಲ್‌ನ `Page indexing` ವರದಿಯಲ್ಲಿ ಅದಕ್ಕೆ `Soft 404` ಎಂಬ ಪಟ್ಟಿಯೇ ಇದೆ. ಆ ಪಟ್ಟಿಗೆ ಬಿದ್ದ ಪುಟ ಹುಡುಕಾಟದಿಂದ ಹೊರಬೀಳುತ್ತದೆ. ಸೀರೆ ವಾಪಸ್ ಬಂದಾಗ ಪುಟವೂ ವಾಪಸ್ ಬರಬೇಕು, ಅದಕ್ಕೆ ಮತ್ತೆ ಕಾಯಬೇಕು.

ಖಾಲಿಯಾದ ಪುಟದಲ್ಲಿ ಏನಿರಬೇಕು? ಫೋಟೋಗಳು ಹಾಗೇ ಇರಲಿ. ಮೈಯ ಬಣ್ಣ, ದಡಿ ಯಾವುದು, ಹತ್ತಿಯೋ ರೇಷ್ಮೆಯೋ, ಎಷ್ಟು ಉದ್ದ, ಹೇಗೆ ಒಗೆಯಬೇಕು, ಇವೆಲ್ಲ ಇರಲಿ. ಕೊನೆಯ ಬೆಲೆಯೂ ಇರಲಿ. ಖರೀದಿ ಗುಂಡಿಯ ಜಾಗದಲ್ಲಿ ವಾಟ್ಸ್ಯಾಪ್ ನಂಬರ್ ಕೇಳುವ ಒಂದು ಪೆಟ್ಟಿಗೆ ಬರಲಿ: "ಬಂದ ಕೂಡಲೇ ತಿಳಿಸುತ್ತೇವೆ." ಯಾವಾಗ ಬರಬಹುದು ಅಂತ ಗೊತ್ತಿದ್ದರೆ ಬರೆಯಿರಿ, ಗೊತ್ತಿಲ್ಲದಿದ್ದರೆ ಸುಮ್ನೆ "ಶೀಘ್ರದಲ್ಲಿ" ಅಂತ ಬರೆಯಬೇಡಿ. ಅದರ ಕೆಳಗೆ ಈಗ ಕೈಯಲ್ಲಿರುವ ಹತ್ತಿರದ ಸೀರೆಗಳು: ಅದೇ ಗೋಮಿ ದಡಿ, ಬೇರೆ ಹಸಿರು. ಗಿಳಿ ಹಸಿರು ಹುಡುಕಿ ಬಂದವರಿಗೆ ಕಡುನೀಲಿ ರೇಷ್ಮೆ ತೋರಿಸಿದರೆ ಅದು ಅವರಿಗೆ ಬೇಕಾದ್ದಲ್ಲ.

ಇಂಥ ಪುಟಕ್ಕೆ ಮೇಲಿನ ಶೀರ್ಷಿಕೆ ಸುಳ್ಳಾಗುವುದಿಲ್ಲ. ಗೋಮಿ ದಡಿಯ ಗಿಳಿ ಹಸಿರು ಇಳಕಲ್ ಸೀರೆ ಅಂದರೆ ಏನು ಅನ್ನುವುದು ಅಲ್ಲಿ ಇದ್ದೇ ಇದೆ. ಕೊಳ್ಳಲು ಬಂದವರು ನಿರಾಶರಾಗಬಹುದು, ಮೋಸ ಹೋದೆವು ಅನ್ನುವುದಿಲ್ಲ.

ಇನ್ನು ಎಂದೂ ಬರದ ಸೀರೆಗಳು. ನೇಕಾರರು ಆ ವಿನ್ಯಾಸ ಬಿಟ್ಟರು, ಅಥವಾ ಆ ಮಗ್ಗವೇ ನಿಂತಿತು. ಅದಕ್ಕೆ ಬಹುಪಾಲು ಹೋಲುವ ಇನ್ನೊಂದು ಸೀರೆ ಇದ್ದರೆ ಹಳೆಯ ವಿಳಾಸವನ್ನು 301 ಹಾಕಿ ಅಲ್ಲಿಗೆ ತಿರುಗಿಸಿ. ಇಲ್ಲದಿದ್ದರೆ ಪುಟ ಇಲ್ಲ ಎನ್ನುವ 404 ಅಥವಾ 410 ಸಂಕೇತ ಕೊಟ್ಟು ಮುಗಿಸಿ, ಗೂಗಲ್ ಎರಡನ್ನೂ ಹೆಚ್ಚುಕಡಿಮೆ ಒಂದೇ ರೀತಿ ನೋಡುತ್ತದೆ. ಸತ್ತ ಪುಟಗಳನ್ನೆಲ್ಲ ಮುಖಪುಟಕ್ಕೆ ತಿರುಗಿಸುವ ಅಭ್ಯಾಸ ನಮ್ಮ ಕಡೆ ಬಹಳ ಇದೆ. ಅದರಿಂದ ಏನೂ ಸಿಗುವುದಿಲ್ಲ, ಅದನ್ನೂ ಗೂಗಲ್ `Soft 404` ಎಂದೇ ಎಣಿಸಬಹುದು. ಒಂದು ಸೀರೆ ಹುಡುಕಿದವರು ಅಂಗಡಿಯ ಬಾಗಿಲಿಗೆ ಬಂದು ನಿಂತರೆ ಅವರಿಗೂ ಪ್ರಯೋಜನ ಇಲ್ಲ.

ಕಸೂತಿ ಸೀರೆಯ ಲೆಕ್ಕ ಬೇರೆ

ಈ ವಿಷಯದಲ್ಲಿ ಇಳಕಲ್‌ಗೆ ಒಂದು ವಿಶೇಷ ಕಷ್ಟ ಇದೆ. ಕೈಯಲ್ಲಿ ಕಸೂತಿ ಹಾಕಿದ ಸೀರೆ ಒಂದರಂತೆ ಇನ್ನೊಂದು ಇರುವುದಿಲ್ಲ. ಒಂದು ಮಾರಿದರೆ ಅದು ಮುಗಿಯಿತು. ಒಂದೊಂದಕ್ಕೂ ಒಂದೊಂದು ಪುಟ ಮಾಡಿ "ಆನೆ ಅಂಬಾರಿ ಕಸೂತಿ ಕಪ್ಪು ಇಳಕಲ್ ಸೀರೆ" ಅಂತ ಶೀರ್ಷಿಕೆ ಕೊಟ್ಟರೆ, ಗೂಗಲ್ ಆ ಪುಟವನ್ನು ಗುರುತಿಸುವ ಹೊತ್ತಿಗೆ ಸೀರೆ ಮಾರಾಟವಾಗಿರುತ್ತದೆ. ವರ್ಷದ ಕೊನೆಗೆ ತಾಣದಲ್ಲಿ ಇರುವ ಸೀರೆಗಿಂತ ಸತ್ತ ಪುಟಗಳೇ ಜಾಸ್ತಿ.

ಇಲ್ಲಿ ಶೀರ್ಷಿಕೆ ತಿದ್ದುವುದರಿಂದ ಉಪಯೋಗ ಇಲ್ಲ, ಪುಟಗಳನ್ನು ಕಟ್ಟುವ ಬಗೆ ಬದಲಾಗಬೇಕು. ಸೀರೆಯ ಬಗೆಗೆ ಒಂದೇ ಪುಟ ಇರಲಿ: "ಕಸೂತಿ ಇಳಕಲ್ ಸೀರೆ – ಗೋಪುರ, ಆನೆ, ತೇರು, ಕೈ ಹೊಲಿಗೆ". ಆ ಹೊತ್ತಿಗೆ ಕೈಯಲ್ಲಿರುವ ಸೀರೆಗಳು ಅದರ ಒಳಗೆ ಬಂದು ಹೋಗುತ್ತಿರಲಿ. ಮಾರಿದ ನಾಲ್ಕಾರು ಸೀರೆಗಳ ಫೋಟೋವನ್ನು "ಮಾರಾಟವಾಗಿವೆ" ಅಂತ ಕೆಳಗೆ ಇಟ್ಟರೂ ಒಳ್ಳೆಯದೇ, ಎಂಥ ಕೆಲಸ ಮಾಡಿಸುತ್ತೀರಿ ಎಂದು ಅವು ತೋರಿಸುತ್ತವೆ. ಸ್ಥಾನ, ಕೊಂಡಿಗಳು, ಹಳೆಯ ಹೆಸರು ಎಲ್ಲ ಆ ಒಂದು ಪುಟಕ್ಕೆ ಸೇರುತ್ತವೆ. ಬಿಡಿ ಸೀರೆಗೆ ಪುಟ ಬೇಕೇ ಬೇಕು ಅಂದರೆ ಅದಕ್ಕೆ, ಹುಡುಕಾಟದಲ್ಲಿ ತೋರಿಸಬೇಡ ಎನ್ನುವ `noindex` ಹಾಕಿ, ವಾಟ್ಸ್ಯಾಪ್‌ನಲ್ಲಿ ಕಳಿಸಲು ಇಟ್ಟುಕೊಳ್ಳಿ. ಬಿಡಿ ಪುಟದಿಂದ ಬಗೆಯ ಪುಟಕ್ಕೆ, ಅದೇ ಮೂಲ ಪುಟ ಎಂದು ಸೂಚಿಸುವ ಕೆನಾನಿಕಲ್ ಹಾಕುವವರಿದ್ದಾರೆ. ಎರಡೂ ಪುಟಗಳಲ್ಲಿ ಇರುವುದು ಬೇರೆ ಬೇರೆ ಆದ್ದರಿಂದ ಗೂಗಲ್ ಅದನ್ನು ಕೇಳಲೇಬೇಕು ಅಂತಿಲ್ಲ.

ಫಿಲ್ಟರ್ ಒತ್ತಿದರೆ ಹುಟ್ಟುವ ಪುಟಗಳು

ಬರಿದಾದ ಪುಟಗಳ ಇನ್ನೊಂದು ಮೂಲ, ಸರಕನ್ನು ಜಾಲಾಡುವ ಫಿಲ್ಟರ್. ಎಂಟು ಬಣ್ಣ, ಮೂರು ಬಗೆಯ ನೂಲು, ನಾಲ್ಕು ದಡಿ ಇಟ್ಟರೆ 96 ಜೋಡಿಗಳಾಗುತ್ತವೆ. ಅಂಗಡಿಯಲ್ಲಿರುವುದು 40 ಸೀರೆ. ಪ್ರತಿ ಜೋಡಿಗೂ ಒಂದು ವಿಳಾಸ, ಒಂದು ಅಚ್ಚಿನ ಶೀರ್ಷಿಕೆ: "ದಾಳಿಂಬೆ ಕೆಂಪು ರೇಷ್ಮೆ ಗಾಡಿ ದಡಿ ಇಳಕಲ್ ಸೀರೆಗಳು – ನೂರಾರು ವಿನ್ಯಾಸ". ಒಳಗೆ ಹೋದರೆ ಒಂದು ಸೀರೆ, ಇಲ್ಲವೇ ಒಂದೂ ಇಲ್ಲ. "ಸೀರೆಗಳು" ಅನ್ನುವ ಬಹುವಚನವೇ ಅಲ್ಲಿ ಸುಳ್ಳು.

ಇಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಖಡಕ್. ಜನ ನಿಜಕ್ಕೂ ಹುಡುಕುವ ಜೋಡಿಗಳನ್ನು ಮಾತ್ರ ಉಳಿಸಿ. ಯಾವುದನ್ನು ಹುಡುಕುತ್ತಾರೆ ಅಂತ ಊಹಿಸಬೇಕಿಲ್ಲ, ಸರ್ಚ್ ಕನ್ಸೋಲ್‌ನ `Performance` ವರದಿಯಲ್ಲಿ ಮಾತುಗಳೇ ಕಾಣುತ್ತವೆ. "ರೇಷ್ಮೆ ಇಳಕಲ್ ಸೀರೆ", "ಕಪ್ಪು ಇಳಕಲ್ ಸೀರೆ" ಇಂಥವು ಸಿಗುತ್ತವೆ. ಮೂರೂ ಗುಣ ಸೇರಿಸಿ ಹುಡುಕುವವರು ಬೆರಳೆಣಿಕೆ. ಉಳಿಸಿದ ಪುಟಗಳಿಗೆ ಶೀರ್ಷಿಕೆಯನ್ನು ಕೈಯಲ್ಲಿ ಬರೆಯಿರಿ, ಎರಡು ಪ್ಯಾರಾ ವಿವರ ಕೊಡಿ. ಉಳಿದ ಜೋಡಿಗಳಿಗೆ ಇದು ಸಾಕು:

```
<meta name="robots" content="noindex, follow">
```

ಇದನ್ನು ಹಾಕಿ, ಅದೇ ಪುಟಗಳನ್ನು `robots.txt`ನಲ್ಲಿ ತಡೆಯಬೇಡಿ. ತಡೆದರೆ ಬಾಟ್ ಒಳಗೇ ಬರುವುದಿಲ್ಲ, `noindex` ಅದಕ್ಕೆ ಕಾಣುವುದೂ ಇಲ್ಲ.

ಈ ಸಾಲನ್ನು ಸ್ಟಾಕಿನ ಲೆಕ್ಕಕ್ಕೆ ಕಟ್ಟಿ, ಸೊನ್ನೆಯಾದರೆ ಹಾಕು, ಬಂದರೆ ತೆಗೆ ಅಂತ ಬರೆದು ಬಿಡುವ ಆಸೆ ಆಗುತ್ತದೆ. ಎಂದೂ ತುಂಬದ ಫಿಲ್ಟರ್ ಪುಟಕ್ಕೆ ಅದು ಸರಿ. ಗಿಳಿ ಹಸಿರಿನಂಥ ಮುಖ್ಯ ಪುಟಕ್ಕೆ ಮಾಡಿದರೆ ಮೊದಲಿನ ದಿನಾಂಕದ ಕಥೆಯೇ, ಇನ್ನೂ ಕೆಟ್ಟದಾಗಿ. "ಸ್ಟಾಕ್ ಖಾಲಿ" ಅಂತ ಇದ್ದಾಗ ಪುಟ ಕಾಣುತ್ತಾದರೂ ಇತ್ತು, ಈಗ ಕಾಣುವುದೇ ಇಲ್ಲ. 17ಕ್ಕೆ ಸೀರೆ ಬಂದರೂ ಬಾಟ್ ಬಂದು ಓದುವವರೆಗೆ ಆ ಪುಟ ಗೂಗಲ್ ಪಾಲಿಗೆ ಇಲ್ಲ.

ಬದಲಾವಣೆ ಮಾಡಿದ ಮೇಲೆ ಕೆಲಸ ಆಯಿತೋ ಇಲ್ಲವೋ ನೋಡಲು `Performance`ನಲ್ಲಿ ಆ ಒಂದು ಪುಟವನ್ನು ಆರಿಸಿ, ಖಾಲಿ ಇದ್ದ ವಾರಗಳನ್ನೂ ಸರಕು ಇದ್ದ ವಾರಗಳನ್ನೂ ಪಕ್ಕಪಕ್ಕ ಇಡಿ. ಪುಟ ಹುಡುಕಾಟದಲ್ಲಿ ಕಂಡ ಸಲ ಅಷ್ಟೇ ಇದ್ದು ಕ್ಲಿಕ್ ಮಾತ್ರ ಕುಸಿದಿದ್ದರೆ ತೋರುವ ಸಾಲಿನಲ್ಲೇ ಏನೋ ಕೆಟ್ಟಿದೆ. ಗೂಗಲ್‌ನಲ್ಲಿ ಹುಡುಕಿ, ನಿಮ್ಮ ಸಾಲೇ ಕಾಣುತ್ತಿದೆಯೋ ಅದು ಕಟ್ಟಿದ್ದೋ ನೋಡಿ. ಕಂಡ ಸಲವೇ ಕುಸಿದಿದ್ದರೆ ಮೊದಲು `Soft 404` ಪಟ್ಟಿ ತೆರೆಯಿರಿ. ಪುಟದ ಒಳಗೆ ಬಂದವರಲ್ಲಿ ಎಷ್ಟು ಜನ ವಾಟ್ಸ್ಯಾಪ್ ನಂಬರ್ ಬಿಟ್ಟು ಹೋದರು ಅನ್ನುವುದನ್ನು ಗೂಗಲ್ ಹೇಳುವುದಿಲ್ಲ, ಅದನ್ನು ನೀವೇ ಎಣಿಸಬೇಕು. ಮುಂದಿನ ಸಲ ಹಾಸು ಹೂಡಲು ಎಷ್ಟು ಗಿಳಿ ಹಸಿರು ಹೇಳಬೇಕು ಅಂತ ನೇಕಾರರ ಹತ್ತಿರ ಮಾತಾಡುವಾಗ ಆ ಪಟ್ಟಿ ಕೈಯಲ್ಲಿರಲಿ.